ಪುಟ್ಟಿಗೆ ನಾಲ್ಕು ಸಾಮಾನು, ತಿಂಗಳಿಗೆ 450 ರೂಪಾಯಿ

ಪುಟ್ಟಿ, ನೀನು ಕಳಿಸಿದ ಫೋಟೋ ನೋಡಿದೆ. ಹಣೆ ಮತ್ತು ಗಲ್ಲದ ಮೇಲೆ ಮೊಡವೆ, ಕೆನ್ನೆಯಲ್ಲಿ ಹಳೆಯ ಮೊಡವೆಯ ಕಪ್ಪು ಕಲೆ, ಮಧ್ಯಾಹ್ನದ ಹೊತ್ತಿಗೆ ಮೂಗಿನ ಮೇಲೆ ಎಣ್ಣೆ. ಇದು ನಿನ್ನ ವಯಸ್ಸಿನಲ್ಲಿ ಬಹಳ ಜನಕ್ಕೆ ಇರುವುದೇ. ಹತ್ತು ಬಾಟಲಿ ಬೇಕಾಗಿಲ್ಲ. ಮನೆಯಿಂದ ಬರುವ ಹಣದಲ್ಲಿ 450 ರೂಪಾಯಿ ತೆಗೆದಿಡಬಹುದು ಅಂದೆಯಲ್ಲ, ಅಷ್ಟು ಸಾಕು. ಮೆಡಿಕಲ್ ಶಾಪಿನಲ್ಲಿ ಆರು ವರ್ಷ ಕೆಲಸ ಮಾಡಿದ ಮೇಲೆ ನನಗೆ ಇಷ್ಟು ಧೈರ್ಯ ಬಂದಿದೆ.

ನಿನಗೆ ಬೇಕಾದ ನಾಲ್ಕು ಸಾಮಾನು: ಫೇಸ್ ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಮೊಡವೆಯ ಜೆಲ್. ನಾಲ್ಕನ್ನೂ ಒಂದೇ ದಿನ ತಂದು ಶುರು ಮಾಡಬೇಡ. ಮುಖ ಉರಿದರೆ ಯಾವುದರಿಂದ ಉರಿಯಿತು ಅಂತ ಗೊತ್ತಾಗುವುದಿಲ್ಲ. ದುಡ್ಡೂ ಒಟ್ಟಿಗೆ ಸಾಲುವುದಿಲ್ಲ.

ಆಗಸ್ಟ್: ಫೇಸ್ ವಾಶ್ 140, ಮಾಯಿಶ್ಚರೈಸರ್ 200. ಉಳಿಯುವುದು 110.

ಸೆಪ್ಟೆಂಬರ್: ಸನ್‌ಸ್ಕ್ರೀನ್ 330. ಹಿಂದಿನದೂ ಸೇರಿ ಉಳಿಯುವುದು 230.

ಅಕ್ಟೋಬರ್: ಜೆಲ್ 150, ಫೇಸ್ ವಾಶ್ 140. ತಿಂಗಳ ಕೊನೆಗೆ ಸನ್‌ಸ್ಕ್ರೀನ್ ಮುಗಿಯುತ್ತದೆ, ಇನ್ನೊಂದು 330. ಉಳಿಯುವುದು 60.

ನವೆಂಬರ್: ಮಾಯಿಶ್ಚರೈಸರ್ 200. ಉಳಿಯುವುದು 310.

ಎಲ್ಲ ರೂಢಿಯಾದ ಮೇಲೆ ತಿಂಗಳಿಗೆ ಸರಾಸರಿ 410 ರೂಪಾಯಿ ಬೀಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸನ್‌ಸ್ಕ್ರೀನಿಗೇ ಹೋಗುತ್ತದೆ. ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ನಿನ್ನನ್ನು ಬೇಸರ ಮಾಡುತ್ತಿರುವುದು ಮೊಡವೆಗಿಂತ ಅದು ಬಿಟ್ಟು ಹೋಗುವ ಕಲೆ, ಅಲ್ವಾ? ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಮೊಡವೆ ಒಣಗಿದ ಜಾಗ ಕಪ್ಪಾಗುತ್ತದೆ, ಬಿಸಿಲು ಬಿದ್ದಷ್ಟೂ ಆ ಕಪ್ಪು ಗಟ್ಟಿಯಾಗುತ್ತದೆ. ಕಲೆ ತೆಗೆಯುವ ಸೀರಮ್ಮಿಗೆ 600 ಕೊಟ್ಟು ಬಿಸಿಲಲ್ಲಿ ಬರಿಮುಖದಲ್ಲಿ ಓಡಾಡಿದರೆ ದುಡ್ಡು ದಂಡ.

ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಮೇಲೆ ಮೂರು ವಿಷಯ ನೋಡು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು, ಪಿಎ ಎಂಬುದರ ಮುಂದೆ ಕನಿಷ್ಠ ಮೂರು ಪ್ಲಸ್, ಮತ್ತೆ ಜೆಲ್ ಅಥವಾ ಫ್ಲೂಯಿಡ್ ಅಂತ ಬರೆದಿರಬೇಕು. ನಿನ್ನ ಚರ್ಮಕ್ಕೆ ದಪ್ಪ ಕ್ರೀಮು ಬೇಡ. ಎಷ್ಟು ಹಚ್ಚಬೇಕು? ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆ, ಅಷ್ಟು ಮುಖಕ್ಕೂ ಕುತ್ತಿಗೆಗೂ. ಬಟಾಣಿ ಕಾಳಿನಷ್ಟು ಹಚ್ಚಿದರೆ ಡಬ್ಬಿಯ ಮೇಲಿನ ಅಂಕಿ ಹೇಳುವಷ್ಟು ರಕ್ಷಣೆ ಸಿಗುವುದಿಲ್ಲ. ಈ ಲೆಕ್ಕದಲ್ಲಿ 50 ಗ್ರಾಮಿನ ಟ್ಯೂಬು ಸುಮಾರು 50 ದಿನ ಬರುತ್ತದೆ. ಧಾರವಾಡದಲ್ಲಿ ಮಳೆ ಇದ್ದರೂ ಹಚ್ಚು, ಮೋಡ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಬಸ್ಸಿನ ಕಿಟಕಿಯ ಗಾಜಿನಿಂದಲೂ ಒಂದಷ್ಟು ಒಳಗೆ ಬರುತ್ತದೆ. ಹೊರಗೆ ಆಟವಾಡುವ ದಿನ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕ್ಲಾಸಿನಲ್ಲೇ ಕೂತಿರುವ ದಿನ ಬೆಳಗ್ಗೆ ಒಮ್ಮೆ ಹಚ್ಚಿ, ಮೆಸ್ಸಿಗೆ ನಡೆಯುವಾಗ ಛತ್ರಿ ಹಿಡಿ.

ಬೆಳಗಿನ ಕೆಲಸ ಮೂರೇ ನಿಮಿಷ. ಫೇಸ್ ವಾಶ್, ಒರೆಸದೆ ಒತ್ತಿ ಒಣಗಿಸುವುದು, ಸ್ವಲ್ಪ ಮಾಯಿಶ್ಚರೈಸರ್, ಮೇಲೆ ಸನ್‌ಸ್ಕ್ರೀನ್. ಫೇಸ್ ವಾಶ್ ಬಾಟಲಿಯ ಮೇಲೆ ಸೋಪ್ ಇಲ್ಲದ್ದು ಅಂತ ಇರಬೇಕು. ಮೈಗೆ ಹಚ್ಚುವ ಸೋಪು ಕ್ಷಾರದ್ದು, ಚರ್ಮದ ಸ್ವಭಾವ ತುಸು ಆಮ್ಲದ್ದು. ಹಾಸ್ಟೆಲ್ಲಿನ ಬೋರ್‌ವೆಲ್ ನೀರು ಗಡುಸು ಬೇರೆ, ಎರಡೂ ಸೇರಿದರೆ ಮುಖ ಬಿಗಿಯಾಗುತ್ತದೆ. ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಎಣ್ಣೆ ಬಂತು ಅಂತ ನಾಲ್ಕು ಸಲ ತೊಳೆದರೆ ಮುಖ ಒಣಗಿ ಕಿರಿಕಿರಿಯಾಗುವುದೇ ಹೊರತು ಮೊಡವೆ ಕಡಿಮೆಯಾಗುವುದಿಲ್ಲ. ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅಂತ ಕೇಳುತ್ತೀಯ, ಗೊತ್ತು. ಅಕ್ಟೋಬರಿನಲ್ಲಿ ಬರುವ ಜೆಲ್ ಚರ್ಮ ಒಣಗಿಸುತ್ತದೆ, ಅದಕ್ಕೇ. ಗ್ಲಿಸರಿನ್ ಅಥವಾ ಸೆರಮೈಡ್ ಇರುವ, ಪರಿಮಳ ಇಲ್ಲದ, ನಾನ್-ಕಾಮಿಡೋಜೆನಿಕ್, ಅಂದರೆ ಚರ್ಮದ ರಂಧ್ರ ಮುಚ್ಚದ್ದು, ಅಂತ ಬರೆದಿರುವ ಹಗುರದ್ದು ತಗೊ.

ರಾತ್ರಿ ಫೇಸ್ ವಾಶ್, ಮಾಯಿಶ್ಚರೈಸರ್. ಅಕ್ಟೋಬರಿನಿಂದ ನಡುವೆ ಜೆಲ್. ಅದು ಬೆನ್ಜಾಯ್ಲ್ ಪೆರಾಕ್ಸೈಡ್, 2.5 ಶೇಕಡಾದ್ದೇ ಕೇಳು. 5ರದ್ದು ಕೊಟ್ಟರೆ ಬೇಡ ಅನ್ನು, ಸುಮ್ನೆ ಉರಿ ಜಾಸ್ತಿ. ಮೊದಲು ಎರಡು ರಾತ್ರಿ ದವಡೆಯ ಪಕ್ಕ ಚೂರು ಹಚ್ಚಿ ನೋಡು. ಆಮೇಲೆ ಎರಡು ವಾರ ವಾರಕ್ಕೆ ಮೂರು ರಾತ್ರಿ, ತಡೆದುಕೊಂಡರೆ ದಿನಾ ರಾತ್ರಿ. ಮುಖ ಪೂರ್ತಿ ಒಣಗಿದ ಮೇಲೆ ಕಡಲೆಕಾಳಿನಷ್ಟು ತಗೊಂಡು ಮೊಡವೆ ಬರುವ ಜಾಗಕ್ಕೆಲ್ಲ ತೆಳ್ಳಗೆ ಸವರು, ಎದ್ದಿರುವ ಮೊಡವೆಯ ತುದಿಗೆ ಮಾತ್ರ ಅಲ್ಲ. ಕಣ್ಣು, ತುಟಿ, ಮೂಗಿನ ಮೂಲೆ ಬಿಡು. ಇನ್ನೊಂದು, ಇದು ಬಣ್ಣದ ಬಟ್ಟೆಯನ್ನು ಬಿಳಿಚಿಸುತ್ತದೆ. ಅಮ್ಮ ಕೊಟ್ಟ ಹೊಸ ದಿಂಬಿನ ಕವರ್ ಒಳಗಿಡು, ಬಿಳಿಯ ಹಳೆ ಕವರ್ ಹಾಕು. ವಾರಕ್ಕೊಮ್ಮೆ ಅದನ್ನು ಒಗೆ. ತಲೆಗೆ ಎಣ್ಣೆ ಹಚ್ಚಿ ಮಲಗುವುದನ್ನೂ ಬಿಡು, ಹಣೆಯ ಮೊಡವೆಗೆ ಅದೂ ಒಂದು ಕಾರಣ ಇರಬಹುದು. ಎಣ್ಣೆ ಹಚ್ಚಲೇಬೇಕೆಂದರೆ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚು.

ಈಗ ಗಂಭೀರವಾದ ಮಾತು. ರೂಮ್‌ಮೇಟ್ ಕೊಟ್ಟ ಕ್ರೀಮು ಅಂತ ಒಂದು ಟ್ಯೂಬಿನ ಫೋಟೋ ಕಳಿಸಿದ್ದೀಯಲ್ಲ, ಅದನ್ನು ಮುಖಕ್ಕೆ ತಾಗಿಸಬೇಡ. ಅದರಲ್ಲಿ ಸ್ಟಿರಾಯ್ಡ್ ಇದೆ. ನಾನು ಡಿಪ್ಲೊಮಾ ಓದುವಾಗ ಗೆಳತಿಯೊಬ್ಬಳು ಕೊಟ್ಟ ಅಂಥದ್ದೇ ಟ್ಯೂಬನ್ನು ನಾಲ್ಕು ತಿಂಗಳು ಹಚ್ಚಿದೆ. ಎರಡು ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಬಿಟ್ಟ ಮೂರನೇ ದಿನ ಕೆಂಡದ ಹಾಗೆ ಉರಿ, ಮೈತುಂಬ ಗುಳ್ಳೆ ಬಂದಂತೆ ಮುಖದ ತುಂಬ ಮೊಡವೆ. ಸರಿಯಾಗಲು ಒಂದು ವರ್ಷ ಹಿಡಿಯಿತು. ಅನೇಕ ಸ್ಟಿರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೈಯಿಂದ ಕೈಗೆ ಓಡಾಡುತ್ತವೆ. ಟ್ಯೂಬಿನ ಮೇಲೆ ಬರೆದ ಔಷಧದ ಹೆಸರಿನ ಕೊನೆಗೆ ಸೋನ್ ಅಥವಾ ಸಾಲ್ ಅಂತ ಕಂಡರೆ, ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್, ಹೀಗಿದ್ದರೆ ಹಚ್ಚುವ ಮುಂಚೆ ನನಗೆ ಫೋನ್ ಮಾಡು. ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಕೂಡ ಬೇಡ.

ಬದಲಾವಣೆ ಕಾಣಲು ಜೆಲ್ ಶುರುವಾದ ಮೇಲೆ ಎಂಟರಿಂದ ಹನ್ನೆರಡು ವಾರ ಬೇಕು. ಮೊದಲ ವಾರಗಳಲ್ಲಿ ಸಿಪ್ಪೆ ಏಳುವುದು, ಸ್ವಲ್ಪ ಬಿಗಿ ಅನ್ನಿಸುವುದು ಸಹಜ. ತುಂಬಾ ಉರಿದರೆ ನಾಲ್ಕು ದಿನ ಜೆಲ್ ನಿಲ್ಲಿಸಿ ಮಾಯಿಶ್ಚರೈಸರ್ ಮಾತ್ರ ಹಚ್ಚು. ಮುಖ ಊದಿದರೆ ಪೂರ್ತಿ ಬಿಟ್ಟು ಡಾಕ್ಟರ ಹತ್ತಿರ ಹೋಗು. ಒಳಗೇ ಗಂಟು ಕಟ್ಟಿ ನೋಯುವ ಮೊಡವೆ ಬಂದರೆ, ಅಥವಾ ಮುಟ್ಟು ತಪ್ಪುತ್ತಾ ಗಲ್ಲದ ಮೇಲೆ ಕೂದಲು ಬೆಳೆಯುತ್ತಿದ್ದರೆ, ಹನ್ನೆರಡು ವಾರ ಕಾಯಬೇಡ. ಹುಬ್ಬಳ್ಳಿಯಲ್ಲಿ ಕಿಮ್ಸ್ ಅಂತ ಕರೆಯುತ್ತಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ವಿಭಾಗ ಇದೆ, ಖಾಸಗಿ ಆಸ್ಪತ್ರೆಯಷ್ಟು ಖರ್ಚಾಗುವುದಿಲ್ಲ. ಒಬ್ಬಳೇ ಹೋಗಲು ಸಂಕೋಚವಾದರೆ ಹೇಳು, ರಜೆ ಹಾಕಿ ಬರುತ್ತೇನೆ.

ಆಗಸ್ಟ್ ಮೊದಲ ಭಾನುವಾರ ಬೆಳಗ್ಗೆ ರೂಮಿನ ಕಿಟಕಿ ಪಕ್ಕ ಮೂರು ಫೋಟೋ ತೆಗೆ: ನೇರ, ಎಡ, ಬಲ. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ದೀಪಾವಳಿಗೆ ಊರಿಗೆ ಬರುವಾಗ ಖಾಲಿ ಬಾಟಲಿ, ಟ್ಯೂಬು ಎಸೆಯದೆ ತಾ. ಯಾವುದು ಎಷ್ಟು ದಿನಕ್ಕೆ ಮುಗಿದಿದೆ ನೋಡಿ ಡಿಸೆಂಬರಿನ ಲೆಕ್ಕ ಹಾಕೋಣ.