ಸ್ಪ್ರಿಂಟ್ 14 ರಿವ್ಯೂ ಡೆಮೋ ಸ್ಕ್ರಿಪ್ಟ್: ಕ್ಲಿನಿಕ್ ಅಪಾಯಿಂಟ್‌ಮೆಂಟ್ ಬುಕಿಂಗ್

ಶುರು ಮಾಡುವ ಮೊದಲು, ಡೆಮೋ ಮಾಡುವವರಿಗೆ

ಸ್ಟೇಜಿಂಗ್ ಸರ್ವರ್ ಒಮ್ಮೆ ತೆರೆದು ನೋಡಿ. ಎರಡು ಬ್ರೌಸರ್ ಕಿಟಕಿಗಳು ಪಕ್ಕಪಕ್ಕ ಇರಲಿ, ಎಡಕ್ಕೆ ಒಬ್ಬ ಟೆಸ್ಟ್ ರೋಗಿ, ಬಲಕ್ಕೆ ಇನ್ನೊಬ್ಬ. ಎರಡರಲ್ಲೂ ನಾಳೆಯ 10:30ರ ಸ್ಲಾಟ್ ಖಾಲಿ ಕಾಣಬೇಕು. ಚಾಟ್ ನೋಟಿಫಿಕೇಶನ್ ಆಫ್ ಮಾಡಿ. ಅಕ್ಷರ ದೊಡ್ಡದು ಮಾಡಿ, ಹಿಂದಿನ ಸಾಲಿನವರಿಗೂ ಓದಲು ಬರಬೇಕು. ಸ್ಟೇಜಿಂಗ್ ಕೈಕೊಟ್ಟರೆ ನಿನ್ನೆ ರೆಕಾರ್ಡ್ ಮಾಡಿದ ವಿಡಿಯೊ ತೋರಿಸಿ, ಅದು ರೆಕಾರ್ಡಿಂಗ್ ಎಂದು ಹೇಳಿಯೇ ತೋರಿಸಿ.

ಆರಂಭ (2 ನಿಮಿಷ)

ಎಲ್ಲರಿಗೂ ನಮಸ್ಕಾರ. ಬಂದಿದ್ದಕ್ಕೆ ಥ್ಯಾಂಕ್ಸ್. ರಿಸೆಪ್ಷನ್, ಡಾಕ್ಟರುಗಳು, ಲೆಕ್ಕಪತ್ರ, ಸಪೋರ್ಟ್, ನಾಲ್ಕೂ ಕಡೆಯವರು ಇದ್ದೀರಿ. ಇವತ್ತಿನ ಟಿಕೆಟ್‌ಗಳಿಗೆ ನಾಲ್ವರೂ ಬೇಕಿತ್ತು.

ಈ ಎರಡು ವಾರಕ್ಕೆ ನಾವು ಇಟ್ಟುಕೊಂಡ ಗುರಿ ಒಂದೇ: ಒಂದು ಸ್ಲಾಟ್ ಒಬ್ಬರಿಗೇ ಸಿಗಬೇಕು, ಅದನ್ನು ಬದಲಿಸಲು ರೋಗಿ ಫೋನ್ ಮಾಡುವ ಹಾಗಿರಬಾರದು. ಏಳು ಟಿಕೆಟ್ ತೆಗೆದುಕೊಂಡಿದ್ದೆವು. ಆರು ಮುಗಿದಿವೆ. ಒಂದು ಮುಗಿದಿಲ್ಲ, APT-228, ರಿಮೈಂಡರ್ ಎಸ್ಸೆಮ್ಮೆಸ್. ಅದು ಯಾಕೆ ನಿಂತಿತು ಅಂತ ಕೊನೆಯಲ್ಲಿ ಹೇಳುತ್ತೇನೆ.

ಇವತ್ತು ಸ್ಲೈಡ್ ಇಲ್ಲ. ಎಲ್ಲವನ್ನೂ ಆ್ಯಪ್‌ನಲ್ಲೇ ತೋರಿಸುತ್ತೇನೆ. ನಡುವೆ ಏನಾದರೂ ಸರಿ ಕಾಣದಿದ್ದರೆ ಅಲ್ಲೇ ನಿಲ್ಲಿಸಿ, ಕೊನೆವರೆಗೆ ಕಾಯಬೇಡಿ. ನಮ್ಮ ಟೀಮ್‌ನವರೊಬ್ಬರು ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದಾರೆ.

APT-214: ಒಂದೇ ಸ್ಲಾಟ್ ಇಬ್ಬರಿಗೆ ಬುಕ್ ಆಗುವುದು (10 ನಿಮಿಷ)

ಹೋದ ತಿಂಗಳು ನಾವು ಇಬ್ಬರು ಒಂದು ಬೆಳಗ್ಗೆ ಪೂರ್ತಿ ರಿಸೆಪ್ಷನ್ ಮೇಜಿನ ಪಕ್ಕ ಕೂತಿದ್ದೆವು. ಇಬ್ಬರು ರೋಗಿಗಳು ಒಟ್ಟಿಗೆ ಬಂದು ಫೋನ್ ತೋರಿಸಿದರು. ಇಬ್ಬರ ಮೆಸೇಜಿನಲ್ಲೂ ಅದೇ ಡಾಕ್ಟರು, ಅದೇ 10:30. ಒಬ್ಬರು ದೂರದಿಂದ ಬಂದ ವಯಸ್ಸಾದವರು. ಮೇಡಂ, ನೀವು ಅವರನ್ನು ಕೂರಿಸಿ, ನೀರು ಕೊಟ್ಟು, ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಂಡಿರಿ. ಆ ಪುಟದಲ್ಲಿ ಅಂಥ ಕೆಂಪು ಗುರುತು ಇನ್ನೂ ನಾಲ್ಕಿದ್ದವು. ಈ ಟಿಕೆಟ್ ಮೊದಲು ಬಂದಿದ್ದು ಅದಕ್ಕೇ.

(ಪರದೆ: ಎರಡೂ ಕಿಟಕಿಗಳು. ಎರಡರಲ್ಲೂ 10:30 ಆಯ್ಕೆ ಮಾಡಿ. ಇನ್ನೂ ಬುಕ್ ಒತ್ತಬೇಡಿ.)

ಈಗ ಇಬ್ಬರು ರೋಗಿಗಳೂ 10:30 ಖಾಲಿ ಇದೆ ಅಂತ ನೋಡುತ್ತಿದ್ದಾರೆ. ಎಡಗಡೆ ಬುಕ್ ಒತ್ತುತ್ತೇನೆ. ಆಯಿತು. ಬಲಗಡೆಯವರ ಪರದೆ ಇನ್ನೂ ಹಳೆಯದೇ. ಅವರಿಗೆ ಇದು ಗೊತ್ತಿಲ್ಲ. ಅವರೂ ಒತ್ತುತ್ತಾರೆ.

(ಪರದೆ: ಬಲಗಡೆ ಬುಕ್ ಒತ್ತಿ. ಮೆಸೇಜ್ ಬಂದ ಮೇಲೆ ಐದು ಸೆಕೆಂಡ್ ಸುಮ್ಮನಿರಿ, ಎಲ್ಲರೂ ಓದಲಿ.)

"ಈ ಸಮಯ ಈಗಷ್ಟೇ ಬುಕ್ ಆಯಿತು. ಹತ್ತಿರದ ಬೇರೆ ಸಮಯಗಳು: 10:45, 11:00, 11:15." ಕೆಳಗೆ ನೋಡಿ, ಅವರು ತುಂಬಿದ್ದ ಹೆಸರು, ವಯಸ್ಸು, ತೊಂದರೆಯ ವಿವರ ಎಲ್ಲ ಹಾಗೇ ಇದೆ. ಮೊದಲು ತಪ್ಪು ಬಂದರೆ ಫಾರ್ಮ್ ಪೂರ್ತಿ ಖಾಲಿ ಆಗುತ್ತಿತ್ತು. ಹುಷಾರಿಲ್ಲದವರ ಕೈಲಿ ಅದನ್ನೆಲ್ಲ ಮತ್ತೆ ಟೈಪ್ ಮಾಡಿಸುವುದು ತಪ್ಪು. ಟಿಕೆಟ್‌ನಲ್ಲಿ ಇದು ಬರೆದಿರಲಿಲ್ಲ, ಆದರೂ ಜೊತೆಗೇ ಸರಿ ಮಾಡಿದೆವು.

(ಪರದೆ: ಬಲಗಡೆ 10:45 ಆಯ್ಕೆ ಮಾಡಿ ಬುಕ್ ಮಾಡಿ.)

ಮೊದಲು ಏನಾಗುತ್ತಿತ್ತು ಅಂದರೆ, ಆ್ಯಪ್ "ಖಾಲಿ ಇದೆಯಾ?" ಅಂತ ಕೇಳಿ, ಆಮೇಲೆ ಬರೆಯುತ್ತಿತ್ತು. ಕೇಳುವುದಕ್ಕೂ ಬರೆಯುವುದಕ್ಕೂ ನಡುವೆ ಚೂರು ಸಮಯ ಇರುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಕೇಳಿದರೆ ಅವರಿಗೂ "ಖಾಲಿ" ಅಂತಲೇ ಉತ್ತರ. ಇಬ್ಬರೂ ಬರೆಯುತ್ತಿದ್ದರು. ಈಗ ಆ ಜವಾಬ್ದಾರಿಯನ್ನು ಡೇಟಾಬೇಸಿಗೇ ಕೊಟ್ಟಿದ್ದೇವೆ. ಟೆಕ್ನಿಕಲ್ ಕಡೆಯವರಿಗಾಗಿ ಒಂದೇ ಪರದೆ:

```sql
CREATE UNIQUE INDEX one_live_booking
ON appointments (doctor_id, slot_start)
WHERE status <> 'cancelled';
```

ಕೊನೆಯ ಸಾಲು ನಮಗೆ ಒಂದು ದಿನ ಹಿಡಿಸಿತು. ಮೊದಲು ಅದು ಇರಲಿಲ್ಲ. ಆಗ ರದ್ದಾದ ಸ್ಲಾಟ್ ಕೂಡ ಬುಕ್ ಆಗಿದೆ ಅಂತಲೇ ಉಳಿದು, ಮತ್ತೆ ಯಾರಿಗೂ ಸಿಗುತ್ತಿರಲಿಲ್ಲ. ನಮ್ಮ ಟೆಸ್ಟರ್ ರದ್ದು ಮಾಡಿ ಅದೇ ಸಮಯಕ್ಕೆ ಮತ್ತೆ ಬುಕ್ ಮಾಡಲು ಹೋದಾಗ ಸಿಕ್ಕಿಬಿತ್ತು.

ಕೈಯಲ್ಲಿ ಎರಡು ಕಿಟಕಿ ಒತ್ತಿ ನೋಡಿದರೆ ಸಾಲದು. ಅದಕ್ಕೆ ಒಂದೇ ಸ್ಲಾಟಿಗೆ ಒಂದೇ ಕ್ಷಣದಲ್ಲಿ 50 ಬುಕಿಂಗ್ ಕಳಿಸುವ ಟೆಸ್ಟ್ ಬರೆದಿದ್ದೇವೆ. ಒಂದಕ್ಕೆ ಸ್ಲಾಟ್ ಸಿಗುತ್ತದೆ, ಉಳಿದ 49ಕ್ಕೆ `409 Conflict`. ಕೋಡ್ ಬದಲಾದಾಗಲೆಲ್ಲ ಈ ಟೆಸ್ಟ್ ತಾನೇ ಓಡುತ್ತದೆ.

ಸಪೋರ್ಟ್‌ನವರಿಗೆ ಒಂದು ಮಾತು. ಮೊದಲೇ ಎರಡೆರಡು ಬುಕ್ ಆಗಿರುವ ಹಳೆಯ ಸ್ಲಾಟ್‌ಗಳು ಲೈವ್‌ನಲ್ಲಿ 11 ಇವೆ. ಅವನ್ನು ಸರಿಪಡಿಸದೆ ಈ ಇಂಡೆಕ್ಸ್ ಹಾಕಲು ಆಗುವುದಿಲ್ಲ, ಡೇಟಾಬೇಸ್ ಒಪ್ಪುವುದಿಲ್ಲ. ಪಟ್ಟಿ ನಿಮಗೆ ಕಳಿಸಿದ್ದೇವೆ. ಯಾರನ್ನು ಉಳಿಸಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದು ನಿಮ್ಮ ತೀರ್ಮಾನ. ಗುರುವಾರದೊಳಗೆ ಸಿಕ್ಕರೆ ಶುಕ್ರವಾರ ಬೆಳಗ್ಗೆ ಲೈವ್ ಮಾಡಬಹುದು. ಆಗುತ್ತದಾ?

(ಉತ್ತರಕ್ಕೆ ಕಾಯಿರಿ. ದಿನ ಗೊತ್ತಾಗದೆ ಮುಂದೆ ಹೋಗಬೇಡಿ.)

APT-219: ರೋಗಿಯೇ ಸಮಯ ಬದಲಿಸುವುದು (7 ನಿಮಿಷ)

ಬಲಗಡೆಯ ರೋಗಿ 10:45ಕ್ಕೆ ಒಪ್ಪಿದರು, ಆದರೆ ಆ ಹೊತ್ತಿಗೆ ಬರಲು ಆಗುತ್ತಿಲ್ಲ ಅಂದುಕೊಳ್ಳೋಣ. ಇಷ್ಟು ದಿನ ಅವರು ಫೋನ್ ಮಾಡಬೇಕಿತ್ತು, ಲೈನ್ ಸಿಗುವವರೆಗೆ ಕಾಯಬೇಕಿತ್ತು.

(ಪರದೆ: ನನ್ನ ಬುಕಿಂಗ್‌ಗಳು, ಸಮಯ ಬದಲಿಸಿ, ಸಂಜೆ 4:00, ಖಚಿತಪಡಿಸಿ.)

ನಾಲ್ಕು ಸಲ ಒತ್ತಿದರೆ ಮುಗಿಯಿತು. ಈಗ ಎಡಗಡೆ ಪುಟ ರಿಫ್ರೆಶ್ ಮಾಡುತ್ತೇನೆ. ನೋಡಿ, 10:45 ಮತ್ತೆ ಖಾಲಿ. ಬೇರೆಯವರು ತೆಗೆದುಕೊಳ್ಳಬಹುದು.

ಒಳಗೆ ನಡೆಯುವ ಕ್ರಮ ಮುಖ್ಯ. ಮೊದಲು ಹೊಸ ಸ್ಲಾಟ್ ಹಿಡಿಯುತ್ತೇವೆ, ಆಮೇಲೆ ಹಳೆಯದನ್ನು ಬಿಡುತ್ತೇವೆ. ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಹೊಸದು ಸಿಗದಿದ್ದರೆ ಹಳೆಯದು ಹಾಗೇ ಇರುತ್ತದೆ. ನಡುವೆ ನೆಟ್‌ವರ್ಕ್ ಹೋದರೂ ರೋಗಿ ಎರಡೂ ಕಳೆದುಕೊಂಡು ನಿಲ್ಲುವ ಪ್ರಶ್ನೆ ಇಲ್ಲ.

ಇಲ್ಲಿ ನಿಮ್ಮ ಅಭಿಪ್ರಾಯ ಬೇಕು. ಅಪಾಯಿಂಟ್‌ಮೆಂಟಿಗೆ 2 ಗಂಟೆ ಮುಂಚಿನವರೆಗೆ ಬದಲಿಸಬಹುದು ಅಂತ ಇಟ್ಟಿದ್ದೇವೆ. ಅದು ನಮ್ಮ ಅಂದಾಜು ಅಷ್ಟೇ. ಡಾಕ್ಟರುಗಳಿಗೆ ಇದು ಸಾಕಾ? ಎಲ್ಲ ವಿಭಾಗಕ್ಕೂ ಒಂದೇ ಮಿತಿ ನಡೆಯುತ್ತದಾ, ಅಥವಾ ಸ್ಕ್ಯಾನಿಂಗ್‌ಗೆ ಬೇರೆ ಬೇಕಾ? ಸ್ಕ್ಯಾನಿಂಗ್‌ಗೆ ಉಪವಾಸ ಇರಬೇಕಾದವರು ಇರುತ್ತಾರೆ, ಕೊನೆ ಗಳಿಗೆಯಲ್ಲಿ ಬದಲಾದರೆ ಅವರಿಗೂ ಕಷ್ಟ, ಮೆಷಿನ್ ನೋಡಿಕೊಳ್ಳುವವರಿಗೂ ಕಷ್ಟ ಅಲ್ವಾ?

(ಚರ್ಚೆಗೆ 3 ನಿಮಿಷ. ತೀರ್ಮಾನ ಆಗದಿದ್ದರೆ ಯಾರು, ಯಾವಾಗ ಹೇಳುತ್ತಾರೆ ಅಂತ ಬರೆದುಕೊಂಡು ಮುಂದೆ ಹೋಗಿ.)

APT-226: ಡೌನ್‌ಲೋಡ್ ಮಾಡಿದ ಪಟ್ಟಿಯಲ್ಲಿ ಕನ್ನಡ ಹೆಸರು ಕೆಡುವುದು (4 ನಿಮಿಷ)

ಇದು ಲೆಕ್ಕಪತ್ರದವರು ಕೊಟ್ಟ ಟಿಕೆಟ್. ದಿನದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು. ನೀವು ಸಂಜೆ ಕೂತು ಒಂದೊಂದೇ ಹೆಸರನ್ನು ಕೈಯಿಂದ ತಿದ್ದುತ್ತಿದ್ದಿರಿ ಅಂತ ಗೊತ್ತಾದಾಗ ನಮಗೆ ಬೇಜಾರಾಯಿತು. ಇದನ್ನು ಎಷ್ಟೋ ಮೊದಲೇ ಮಾಡಬೇಕಿತ್ತು.

(ಪರದೆ: ಹಳೆಯ ಫೈಲ್ ತೆರೆಯಿರಿ, ಮುಚ್ಚಿ. ಹೊಸದನ್ನು ಡೌನ್‌ಲೋಡ್ ಮಾಡಿ ತೆರೆಯಿರಿ.)

ಇದು ಹಳೆಯದು. ಇದು ಹೊಸದು. ಒತ್ತಕ್ಷರ ಸಮೇತ ಸರಿಯಾಗಿದೆ. ಫೈಲ್ ಮೊದಲಿನಿಂದಲೂ ಯುಟಿಎಫ್-8ನಲ್ಲೇ ಇತ್ತು, ಎಕ್ಸೆಲ್‌ಗೆ ಅದು ತಿಳಿಯುತ್ತಿರಲಿಲ್ಲ. ಫೈಲಿನ ತಲೆಯಲ್ಲಿ `EF BB BF` ಅನ್ನುವ ಮೂರು ಬೈಟ್ ಸೇರಿಸಿದೆವು. ಈಗ ತಿಳಿಯುತ್ತದೆ.

ಒಂದು ಮಾತ್ರ ಇನ್ನೂ ಸರಿಯಾಗಿಲ್ಲ. ಸೊನ್ನೆಯಿಂದ ಶುರುವಾಗುವ ಫೈಲ್ ನಂಬರ್ ನೋಡಿ. 00417 ಹೋಗಿ 417 ಆಗಿದೆ. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತೆಗೆಯುತ್ತದೆ. ಅದಕ್ಕೆ ಸಿಎಸ್‌ವಿ ಬದಲು ಎಕ್ಸೆಲ್ ಫೈಲನ್ನೇ ಕೊಡಬೇಕು. ಬೇರೆ ಟಿಕೆಟ್ ಮಾಡಿದ್ದೇವೆ. ನಿಮಗೆ ಇದು ತುರ್ತಾ? ಹೌದಾದರೆ ಮುಂದಿನ ಸ್ಪ್ರಿಂಟಿಗೆ ಮೇಲೆ ತರುತ್ತೇವೆ.

APT-231: ಓದಲು ಸುಲಭ, ಕೀಬೋರ್ಡ್‌ನಿಂದ ಬುಕಿಂಗ್ (4 ನಿಮಿಷ)

(ಪರದೆ: ಮೌಸ್ ಪಕ್ಕಕ್ಕಿಡಿ. ಎಲ್ಲರಿಗೂ ಕಾಣುವ ಹಾಗೆ ಕೈ ದೂರ ತೆಗೆಯಿರಿ.)

ಈಗ ಮೌಸ್ ಮುಟ್ಟುವುದಿಲ್ಲ. ಟ್ಯಾಬ್, ಬಾಣದ ಕೀಗಳು, ಎಂಟರ್, ಇಷ್ಟರಲ್ಲೇ ದಿನಾಂಕ ಆರಿಸಿ ಬುಕ್ ಮಾಡುತ್ತೇನೆ. ಎಲ್ಲಿದ್ದೇನೆ ಅಂತ ಈ ನೀಲಿ ಚೌಕಟ್ಟು ತೋರಿಸುತ್ತದೆ. ಮೊದಲು ಕ್ಯಾಲೆಂಡರ್ ಒಳಗೆ ಹೋದ ಮೇಲೆ ಕೀಬೋರ್ಡ್‌ನಿಂದ ಹೊರಗೆ ಬರಲು ಆಗುತ್ತಿರಲಿಲ್ಲ.

ಇನ್ನೊಂದು, ಸ್ಲಾಟಿನ ಬೂದು ಅಕ್ಷರ. ಮೊದಲು `#999999` ಇತ್ತು, ಬಿಳಿ ಹಿನ್ನೆಲೆಯಲ್ಲಿ ಕಾಂಟ್ರಾಸ್ಟ್ 3:1 ಕೂಡ ಬರುತ್ತಿರಲಿಲ್ಲ. ಮಾಮೂಲಿ ಗಾತ್ರದ ಅಕ್ಷರಕ್ಕೆ, ವೆಬ್ ಎಲ್ಲರಿಗೂ ಬಳಸಲು ಬರಲಿ ಅಂತ ಇರುವ WCAG ಮಾರ್ಗಸೂಚಿಯ ಎಎ ಮಟ್ಟ ಕೇಳುವುದು ಕನಿಷ್ಠ 4.5:1. ಈಗ `#595959`, ಅಂದರೆ 7:1. ಖಾಲಿ ಸ್ಲಾಟಿಗೆ ಹಸಿರು, ಬುಕ್ ಆದದ್ದಕ್ಕೆ ಕೆಂಪು ಅಂತ ಬರೀ ಬಣ್ಣ ಇತ್ತು. ಆ ಎರಡು ಬಣ್ಣದ ವ್ಯತ್ಯಾಸ ಕಾಣದವರು ಇದ್ದಾರೆ. ಈಗ "ಖಾಲಿ", "ಬುಕ್ ಆಗಿದೆ" ಅಂತ ಅಕ್ಷರದಲ್ಲೂ ಇದೆ.

APT-233 ಮತ್ತು APT-235 (1 ನಿಮಿಷ)

ಎರಡು ಚಿಕ್ಕವು, ಬೇಗ ಮುಗಿಸುತ್ತೇನೆ. ಒಟಿಪಿ ಮತ್ತೆ ಕಳಿಸುವ ಬಟನ್ ಪಕ್ಕ 30 ಸೆಕೆಂಡಿನ ಎಣಿಕೆ ಕಾಣುತ್ತದೆ, ಜನ ಸುಮ್ನೆ ಒತ್ತುತ್ತಾ ಇರಬೇಕಿಲ್ಲ. ಡಾಕ್ಟರ ಪಟ್ಟಿ ಪುಟ ಬೇಗ ತೆರೆಯುತ್ತದೆ. ಒಬ್ಬೊಬ್ಬ ಡಾಕ್ಟರಿಗೂ ಬೇರೆ ಬೇರೆ ಕ್ವೆರಿ ಹೋಗುತ್ತಿತ್ತು, ಈಗ ಎಲ್ಲರಿಗೂ ಸೇರಿ ಒಂದೇ.

APT-228: ಮುಗಿಯದ ಟಿಕೆಟ್ (3 ನಿಮಿಷ)

ರಿಮೈಂಡರ್ ಎಸ್ಸೆಮ್ಮೆಸ್ ಸೋಮವಾರದವರೆಗೆ ಮುಗಿದ ಹಾಗೇ ಇತ್ತು. APT-219 ಜೊತೆ ಸೇರಿಸಿ ಟೆಸ್ಟ್ ಮಾಡಿದಾಗ ತೊಂದರೆ ಗೊತ್ತಾಯಿತು. ಬುಕ್ ಮಾಡಿದ ಕೂಡಲೇ ಸಮಯ ಬರೆದ ಮೆಸೇಜ್ ಸರದಿಯಲ್ಲಿ ಕೂರುತ್ತದೆ. ಆಮೇಲೆ ರೋಗಿ ಸಂಜೆ 4ಕ್ಕೆ ಬದಲಿಸಿದರೂ "ನಾಳೆ 10:45ಕ್ಕೆ ಬನ್ನಿ" ಅಂತಲೇ ಹೋಗುತ್ತದೆ. ತಪ್ಪು ಸಮಯ ಹೇಳುವ ರಿಮೈಂಡರ್‌ಗಿಂತ ರಿಮೈಂಡರ್ ಇಲ್ಲದಿರುವುದೇ ವಾಸಿ ಅಂತ ತಡೆದೆವು. ಮೆಸೇಜ್ ಕಳಿಸುವ ಹೊತ್ತಿಗೆ ಡೇಟಾಬೇಸಿನಿಂದ ಸಮಯ ಹೊಸದಾಗಿ ಓದುವ ಹಾಗೆ ಬದಲಿಸುತ್ತಿದ್ದೇವೆ. ಅರ್ಧ ಆಗಿದ್ದನ್ನು ಇವತ್ತು ತೋರಿಸುವುದಿಲ್ಲ. ಇದು ನಮ್ಮ ಕಡೆಯ ತಡ. ಎರಡು ಟಿಕೆಟ್ ಒಂದಕ್ಕೊಂದು ತಾಗುತ್ತವೆ ಅಂತ ಪ್ಲಾನಿಂಗ್‌ನಲ್ಲೇ ನೋಡಬೇಕಿತ್ತು.

ನಿಮ್ಮ ಸರದಿ (14 ನಿಮಿಷ)

ಮುಂದಿನ ಸ್ಪ್ರಿಂಟಿಗೆ ಈಗ ಕೈಯಲ್ಲಿರುವುದು ರಿಮೈಂಡರ್, ಎಕ್ಸೆಲ್ ಫೈಲ್, ಮತ್ತು ಸಮಯ ಬದಲಿಸುವ ಮಿತಿಯ ಬಗ್ಗೆ ನೀವು ಹೇಳಿದ್ದು. ಈ ಕ್ರಮ ಸರಿಯಾ ಅಂತ ಕೊನೆಯಲ್ಲಿ ಒಟ್ಟಿಗೆ ನೋಡೋಣ.

ಅದಕ್ಕೂ ಮೊದಲು, ರಿಸೆಪ್ಷನ್ ಮೇಡಂ, ಈ ಕುರ್ಚಿಗೆ ಬರುತ್ತೀರಾ? ಸರ್, ನೀವು ಪಕ್ಕದ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಇಬ್ಬರೂ ನಾಳೆಯ 11:30 ಆರಿಸಿ. ನಾನು ಮೂರು ಎಣಿಸುತ್ತೇನೆ, ಒಟ್ಟಿಗೆ ಒತ್ತಿ. ಆಮೇಲೆ ನಿಮಗೆ ತೋಚಿದ ಹಾಗೆ ರದ್ದು ಮಾಡಿ, ಬದಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಒತ್ತಿ. ಏನಾದರೂ ಕೆಟ್ಟರೆ ಇಲ್ಲೇ ಕೆಡಲಿ.

(ಮೌಸ್ ಅವರ ಕೈಗೆ ಕೊಡಿ. ಎಲ್ಲಿ ಒತ್ತಬೇಕು ಅಂತ ಹೇಳಿಕೊಡಬೇಡಿ. ಎಲ್ಲಿ ತಡವರಿಸುತ್ತಾರೆ ಅಂತ ನೋಡಿ, ಬರೆದುಕೊಳ್ಳಿ.)

ಒಂದು, ಎರಡು, ಮೂರು.