ಶಾಲಾ ಮಳೆನೀರು ಸಂಗ್ರಹ ಯೋಜನೆ: ಹಂತವಾರು ಅನುದಾನದ ಪ್ರಸ್ತಾವನೆ

ಮಾನ್ಯರೇ,

420 ಮಕ್ಕಳಿರುವ ಪ್ರೌಢಶಾಲೆಯೊಂದರಲ್ಲಿ 60,000 ಲೀಟರಿನ ನೆಲದೊಳಗಿನ ಆರ್‌ಸಿಸಿ ತೊಟ್ಟಿ, ಚಾವಣಿಯ ದೋಣಿ-ಪೈಪುಗಳು, ಶೋಧಕ ಹಾಗೂ ಪಂಪು ಅಳವಡಿಸಲು 18 ಲಕ್ಷ ರೂಪಾಯಿ ಅನುದಾನ ಕೋರುತ್ತಿದ್ದೇವೆ. ಚಾವಣಿಯ ವಿಸ್ತೀರ್ಣ 600 ಚದರ ಮೀಟರ್. 25 ಮಿ.ಮೀ. ಮಳೆಗೆ, ಐದನೇ ಒಂದು ಭಾಗ ನಷ್ಟವೆಂದು ಕಳೆದರೂ, 12,000 ಲೀಟರ್ ಸಿಗುತ್ತದೆ. ಅಂಥ ಐದು ಮಳೆಗೆ ತೊಟ್ಟಿ ತುಂಬುತ್ತದೆ.

ಹಣವನ್ನು ಐದು ಕಂತುಗಳಲ್ಲಿ ಕೊಡಿ ಎಂಬುದು ನಮ್ಮ ಕೋರಿಕೆ. ತಾರೀಖು ಬಂತೆಂದಾಗಲಿ, ಖರ್ಚಿನ ರಸೀದಿ ಕೊಟ್ಟೆವೆಂದಾಗಲಿ ಕಂತು ಬಿಡುಗಡೆಯಾಗಬಾರದು. ಸೋರುವ ತೊಟ್ಟಿಗೂ ಸರಿಯಾದ ರಸೀದಿ ಇರುತ್ತದೆ. ಆದ್ದರಿಂದ ಪ್ರತಿ ಷರತ್ತನ್ನೂ ಪರಿಶೀಲಿಸಿ ನೋಡಬಹುದಾದ ಫಲಿತಾಂಶಕ್ಕೆ ಕಟ್ಟಿದ್ದೇವೆ.

1ನೇ ಕಂತು: 1.80 ಲಕ್ಷ (ಶೇ. 10). ಒಪ್ಪಂದಕ್ಕೆ ಸಹಿ, ಯೋಜನೆಗೆಂದೇ ತೆರೆದ ಪ್ರತ್ಯೇಕ ಬ್ಯಾಂಕ್ ಖಾತೆ, ಜಾಗ ಬಳಸಲು ಶಾಲೆಯ ಲಿಖಿತ ಒಪ್ಪಿಗೆ, ಈ ಮೂರೂ ಆದಾಗ. ಮಣ್ಣು ಪರೀಕ್ಷೆ, ನಕ್ಷೆ ಮತ್ತು ದರಪಟ್ಟಿ ಕರೆಯುವ ಕೆಲಸ ಈ ಹಣದಲ್ಲಿ ಮುಗಿಯುತ್ತದೆ.

2ನೇ ಕಂತು: 7.20 ಲಕ್ಷ (ಶೇ. 40). ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ, ಮಣ್ಣು ಪರೀಕ್ಷೆಯ ವರದಿ ಮತ್ತು ಕನಿಷ್ಠ ಮೂರು ಗುತ್ತಿಗೆದಾರರ ದರಗಳ ತುಲನಾಪಟ್ಟಿ ನಿಮ್ಮ ಕೈಸೇರಿದ ಮೇಲೆ.

ಈ ಕಂತು ದೊಡ್ಡದಿರುವುದಕ್ಕೆ ಕಾರಣವಿದೆ. ಗುಂಡಿ ತೋಡುವುದಕ್ಕೆ ಒಂದು ಕಂತು, ಗೋಡೆಗೆ ಇನ್ನೊಂದು ಎಂದು ಒಡೆದರೆ, ನಡುವೆ ಪರಿಶೀಲನೆ ತಡವಾದಾಗ ಗುಂಡಿ ತೆರೆದೇ ಉಳಿಯುತ್ತದೆ. ಮಳೆ ಬಂದರೆ ಅಂಚು ಕುಸಿಯುತ್ತದೆ, ತೋಡಿದ್ದನ್ನೇ ಮತ್ತೆ ತೋಡಬೇಕಾಗುತ್ತದೆ. ಮಕ್ಕಳು ಓಡಾಡುವ ಆವರಣದಲ್ಲಿ ಅದು ಅಪಾಯಕಾರಿಯೂ ಹೌದು. ಹಾಗಾಗಿ ತಳ ಮತ್ತು ಗೋಡೆಗಳ ಕಾಂಕ್ರೀಟ್ ಮುಗಿಯುವವರೆಗೆ ಕೆಲಸ ಎಲ್ಲೂ ನಿಲ್ಲದಷ್ಟು ಹಣ ಒಮ್ಮೆಗೇ ಬೇಕು. ಗುಂಡಿಯ ಸುತ್ತ ಬೇಲಿಯ ಖರ್ಚೂ ಇದರಲ್ಲೇ ಸೇರಿದೆ.

3ನೇ ಕಂತು: 4.50 ಲಕ್ಷ (ಶೇ. 25). ತೊಟ್ಟಿ ನೀರಿನ ಪರೀಕ್ಷೆಯಲ್ಲಿ ಗೆದ್ದ ಮೇಲೆ ಮಾತ್ರ. ಇಡೀ ಯೋಜನೆಯಲ್ಲಿ ಇದೇ ನಿರ್ಣಾಯಕ ಘಟ್ಟ. ಕೊನೆಯ ಕಾಂಕ್ರೀಟಿನ ನಂತರ 14 ದಿನ ಕ್ಯೂರಿಂಗ್, 28 ದಿನ ತುಂಬಿದ ಮೇಲೆ ತೊಟ್ಟಿಗೆ ಪೂರ್ತಿ ನೀರು. ಕಾಂಕ್ರೀಟ್ ನೀರು ಹೀರಿಕೊಳ್ಳಲು ಮೊದಲ 7 ದಿನ ಬಿಟ್ಟು, ಮುಂದಿನ 7 ದಿನ ಮಟ್ಟ ಅಳೆಯುತ್ತೇವೆ. ಇಳಿಕೆ 20 ಮಿ.ಮೀ. ಮೀರಬಾರದು. ಮೇಲ್ಚಾವಣಿ ಇನ್ನೂ ಹಾಕಿರುವುದಿಲ್ಲವಾದ್ದರಿಂದ ಆವಿಯಾಗುವ ನೀರಿನ ಲೆಕ್ಕಕ್ಕೆ ಪಕ್ಕದಲ್ಲೇ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ಅದರ ಇಳಿಕೆಯನ್ನು ಕಳೆಯುತ್ತೇವೆ. ಪರೀಕ್ಷೆಯ ನಡುವೆ ಮಳೆ ಬಂದರೆ ಅಳತೆ ಹೊಸದಾಗಿ ಶುರು.

ಪರೀಕ್ಷೆ ಮುಗಿಯುವ ಮುನ್ನ ಗೋಡೆಯ ಹೊರಗೆ ಮಣ್ಣು ತುಂಬುವಂತಿಲ್ಲ. ಸೋರಿಕೆ ಸಾಮಾನ್ಯವಾಗಿ ತಳ-ಗೋಡೆ ಕೂಡುವ ಜಾಯಿಂಟ್‌ನಲ್ಲಿ, ಇಲ್ಲವೇ ಪೈಪು ಗೋಡೆ ದಾಟುವಲ್ಲಿ ಕಾಣಿಸುತ್ತದೆ. ಮಣ್ಣು ತುಂಬಿದರೆ ಅದು ಕಣ್ಣಿಗೇ ಬೀಳದು. ಪರೀಕ್ಷೆ ಸೋತರೆ ದುರಸ್ತಿ ಗುತ್ತಿಗೆದಾರರ ಖರ್ಚಿನಲ್ಲಿ. ಅದಕ್ಕೆಂದೇ ಅವರ ಬಿಲ್ಲಿನ ಶೇ. 10ನ್ನು ನಾವು ತಡೆಹಿಡಿದಿರುತ್ತೇವೆ.

4ನೇ ಕಂತು: 2.70 ಲಕ್ಷ (ಶೇ. 15). ಚಾವಣಿ ದೋಣಿ, ಮೊದಲ ಮಳೆಯ 600 ಲೀಟರ್ ಕೊಳೆನೀರನ್ನು ಹೊರಗೆ ಹರಿಸುವ ವ್ಯವಸ್ಥೆ, ಶೋಧಕ ಮತ್ತು ಪಂಪು ಕೆಲಸ ಮಾಡುತ್ತಿರಬೇಕು. ನಲ್ಲಿಯ ನೀರಿನ ಪ್ರಯೋಗಾಲಯ ವರದಿಯಲ್ಲಿ 100 ಮಿ.ಲೀ.ಗೆ ಇ. ಕೋಲಿ ಶೂನ್ಯವಿರಬೇಕು. ಉಳಿಕೆ ಕ್ಲೋರಿನ್ ಬೇಗ ಇಳಿದುಹೋಗುವುದರಿಂದ ಅದನ್ನು ನಲ್ಲಿಯ ಬಳಿಯೇ ಅಳೆಯಬೇಕು. ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಇರಬೇಕು. ಮಳೆ ತಡವಾದರೆ ಈ ಕಂತಿನ ಗಡುವು ಮಾತ್ರ ಮುಂದಕ್ಕೆ ಹೋಗುತ್ತದೆ, ಷರತ್ತು ಸಡಿಲವಾಗುವುದಿಲ್ಲ.

5ನೇ ಕಂತು: 1.80 ಲಕ್ಷ (ಶೇ. 10). ಆರು ತಿಂಗಳ ಬಳಕೆಯ ನಂತರ: ವಾರಕ್ಕೊಮ್ಮೆ ಕ್ಲೋರಿನ್ ಪರೀಕ್ಷೆ, ತಿಂಗಳಿಗೊಮ್ಮೆ ದೋಣಿ ಸ್ವಚ್ಛತೆಯ ದಾಖಲೆ ಮತ್ತು ತರಬೇತಾದ ಇಬ್ಬರು ಶಾಲಾ ಸಿಬ್ಬಂದಿ. ಅಷ್ಟು ಕಾಲದ ಖರ್ಚನ್ನು ನಮ್ಮ ಸಂಸ್ಥೆಯೇ ಭರಿಸಿ, ಈ ಕಂತಿನಿಂದ ಮರಳಿ ಪಡೆಯುತ್ತದೆ.

ಪರಿಶೀಲನೆ ಮತ್ತು ಬಿಡುಗಡೆ

ಪರಿಶೀಲಕ ಎಂಜಿನಿಯರನ್ನು ನೀವೇ ನೇಮಿಸಿ. ಅವರ ಶುಲ್ಕ ಅನುದಾನದಿಂದ ಹೊರಗಿರಲಿ. ನಮ್ಮ ಸೂಚನೆ ತಲುಪಿದ 7 ಕೆಲಸದ ದಿನಗಳಲ್ಲಿ ಅವರು ಸ್ಥಳಕ್ಕೆ ಬರಬೇಕು, ವರದಿ ಒಪ್ಪಿಗೆಯಾದ 5 ಕೆಲಸದ ದಿನಗಳಲ್ಲಿ ಹಣ ಖಾತೆಗೆ ಬರಬೇಕು. ಅದಕ್ಕಿಂತ ತಡವಾದರೆ ಅಷ್ಟೇ ದಿನ ನಮ್ಮ ಗಡುವೂ ಮುಂದೂಡಿದಂತೆ. ಬಣ್ಣ, ಬೇಲಿಯಂಥ ಸಣ್ಣ ಕೊರತೆಗೆ ಕಂತು ತಡೆಯದೆ, ಅದರ ಅಂದಾಜು ವೆಚ್ಚದ ಎರಡರಷ್ಟನ್ನು ಮಾತ್ರ ಹಿಡಿದಿಡಬಹುದು. ನೀರಿನ ಪರೀಕ್ಷೆ ಮತ್ತು ಪ್ರಯೋಗಾಲಯ ವರದಿಗೆ ಈ ರಿಯಾಯಿತಿ ಇಲ್ಲ.

3ನೇ ಕಂತಿನಿಂದ ಮುಂದೆ, ಹಿಂದಿನ ಕಂತಿನ ಶೇ. 80ರಷ್ಟಾದರೂ ಖರ್ಚಾದ ಲೆಕ್ಕ ಜೊತೆಗಿರುತ್ತದೆ. ಬಾಬುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಬದಲಾವಣೆಗೆ ನಿಮ್ಮ ಲಿಖಿತ ಒಪ್ಪಿಗೆ ಪಡೆಯುತ್ತೇವೆ. ಬಡ್ಡಿ ಯೋಜನೆಗೇ ಸೇರುತ್ತದೆ.

ನೀರಿನ ಪರೀಕ್ಷೆಯಲ್ಲಿ ಮೂರು ಬಾರಿ ಸೋತರೆ ಒಪ್ಪಂದ ನಿಲ್ಲಿಸುವ ಹಕ್ಕು ನಿಮಗಿರುತ್ತದೆ. ಆಗ ಉಳಿದ ಹಣವನ್ನು 30 ದಿನದೊಳಗೆ ಹಿಂತಿರುಗಿಸಿ, ಗುಂಡಿಯನ್ನು ನಮ್ಮ ಖರ್ಚಿನಲ್ಲಿ ಮುಚ್ಚಿ ಸುರಕ್ಷಿತಗೊಳಿಸುತ್ತೇವೆ. ನೀವಾಗಿಯೇ ನಿಲ್ಲಿಸಿದರೆ, ಅಲ್ಲಿವರೆಗೆ ಒಪ್ಪಿಗೆಯಾದ ಕೆಲಸದ ಬಾಕಿ ಮತ್ತು ಮುಚ್ಚುವ ವೆಚ್ಚ ಅನುದಾನದಿಂದ ಬರಬೇಕು.

ಗುತ್ತಿಗೆದಾರರ ದರಗಳು ಬದಲಾಗುವುದರಿಂದ ಈ ಪ್ರಸ್ತಾವನೆ 60 ದಿನಗಳವರೆಗೆ ಮಾನ್ಯ.

ಇಂತಿ,
ಯೋಜನಾ ಸಂಯೋಜಕರು ಮತ್ತು ಖಜಾಂಚಿ