ಕೆಲಸದ ಅವಧಿ ಮತ್ತು ತಿರುಗಾಟ ಕಡಿಮೆ ಮಾಡಲು ಮನವಿ: ಎಂಟು ವಾರಗಳ ಪ್ರಾಯೋಗಿಕ ಏರ್ಪಾಡು

ಗೋಣಿಕೊಪ್ಪಲು
ಸೆಪ್ಟೆಂಬರ್ 22, 2025

ಇವರಿಗೆ,
ವ್ಯವಸ್ಥಾಪಕರು,
ಕಾಫಿ ಖರೀದಿ ವಿಭಾಗ

ಮಾನ್ಯರೇ,

ಜುಲೈ ಕೊನೆಯಲ್ಲಿ ನನಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದ್ದು ತಮಗೆ ತಿಳಿದೇ ಇದೆ. ಆ ದಿನಗಳಲ್ಲಿ ತಾವೂ ಸಹೋದ್ಯೋಗಿಗಳೂ ನನ್ನ ಕೆಲಸವನ್ನು ಹಂಚಿಕೊಂಡು ನಡೆಸಿದಿರಿ. ಅದಕ್ಕೆ ನಾನು ಋಣಿ. ಜ್ವರ ಬಿಟ್ಟಿದೆ, ಪ್ಲೇಟ್‌ಲೆಟ್ ಸಂಖ್ಯೆಯೂ ಸರಿಯಾಗಿದೆ. ಆದರೆ ಸುಸ್ತು ಬಿಟ್ಟಿಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಎಲ್ಲವನ್ನೂ ಪರೀಕ್ಷಿಸಿದ ವೈದ್ಯರು ಬೇರೆ ತೊಂದರೆ ಇಲ್ಲವೆಂದೂ, ವೈರಾಣು ಜ್ವರದ ನಂತರ ಕೆಲವರಿಗೆ ಇಂಥ ಆಯಾಸ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆಂದೂ ಹೇಳಿದ್ದಾರೆ. ಅವರ ಪತ್ರವನ್ನು ಲಗತ್ತಿಸಿದ್ದೇನೆ.

ಈ ಆಯಾಸದ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು, ನನ್ನ ಮನವಿಯೆಲ್ಲ ಅದರ ಮೇಲೆಯೇ ನಿಂತಿದೆ. ದಣಿವು ಕೆಲಸ ಮಾಡಿದ ದಿನವೇ ಕಾಣಿಸಿಕೊಳ್ಳುವುದಿಲ್ಲ. ಬಿರುನಾಣಿ ಕಡೆಯ ತೋಟವೊಂದಕ್ಕೆ ಹೋಗಿ, ಜೀಪು ನಿಲ್ಲುವಲ್ಲಿಂದ ಇಳಿಜಾರು ಹತ್ತಿ ಫಸಲು ನೋಡಿ ಬಂದ ಸಂಜೆ ನಾನು ಚೆನ್ನಾಗಿಯೇ ಇರುತ್ತೇನೆ. ಮರುದಿನ ಬೆಳಿಗ್ಗೆ ಕೈಕಾಲು ಸೋತು, ಅಂಕಿಗಳನ್ನು ನಮೂದಿಸುವಾಗ ಒಂದೇ ಸಾಲನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಅದರ ಮರುದಿನವೂ ಹಾಗೆಯೇ. ಒಂದು ದಿನ ಹೆಚ್ಚು ದುಡಿದರೆ ಎರಡು ದಿನದ ಕೆಲಸ ಕುಂಟುತ್ತದೆ; ಶಕ್ತಿಗೆ ಮೀರದಂತೆ ನಿಧಾನವಾಗಿ ಹೆಚ್ಚಿಸಿಕೊಂಡು ಹೋದರೆ ಹಾಗಾಗುವುದಿಲ್ಲ. ವೈದ್ಯರ ಸಲಹೆಯೂ ಇದೇ. ಇಡೀ ತಿಂಗಳು ರಜೆ ಹಾಕುವುದು ನನಗೆ ಬೇಡ. ಮುಂಗಾರು ಮುಗಿಯುತ್ತಿರುವ ಈ ಹೊತ್ತಿನಲ್ಲಿ ಕಾಯಿ ಉದುರಿದ್ದೆಷ್ಟು, ಕೊಳೆ ರೋಗ ತಿಂದದ್ದೆಷ್ಟು, ಗಿಡದಲ್ಲಿ ಉಳಿದದ್ದೆಷ್ಟು ಎಂಬ ಅಂದಾಜು ನಮ್ಮ ಖರೀದಿಗೆ ಅಡಿಪಾಯ. ಈ ಬೆಳೆಗಾರರನ್ನು ವರ್ಷಗಳಿಂದ ಬಲ್ಲ ನಾನು ಆ ಕೆಲಸದಿಂದ ದೂರ ಉಳಿಯಲು ಇಷ್ಟಪಡುವುದಿಲ್ಲ.

ಆದ್ದರಿಂದ ಅಕ್ಟೋಬರ್ 6ರಿಂದ ನವೆಂಬರ್ 29ರವರೆಗೆ, ಎಂಟು ವಾರಗಳ ಮಟ್ಟಿಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ತೋಟಗಳ ಭೇಟಿ ವಾರಕ್ಕೆ ಒಂದೇ ದಿನ ಇರಲಿ, ಅದೂ ಗೋಣಿಕೊಪ್ಪಲು, ಪೊನ್ನಂಪೇಟೆಯ ಸುತ್ತಮುತ್ತ. ಅದರ ಮರುದಿನ ಮನೆಯಿಂದಲೇ ವರದಿ ಬರೆಯುವಂತಾಗಲಿ. ಕುಟ್ಟ, ಶ್ರೀಮಂಗಲ, ಬಿರುನಾಣಿಯ ತೋಟಗಳನ್ನು ಈ ಅವಧಿಯಲ್ಲಿ ಜೊತೆಗಾರ ಕ್ಷೇತ್ರಾಧಿಕಾರಿ ನೋಡಿಕೊಳ್ಳಲು ಒಪ್ಪಿದ್ದಾರೆ. ಬದಲಿಗೆ ಅವರ ಲೆಕ್ಕಪತ್ರ, ಫಸಲಿನ ಅಂದಾಜು ಪಟ್ಟಿ, ಬೆಳೆಗಾರರಿಗೆ ಮಾಡಬೇಕಾದ ಫೋನ್ ಕರೆಗಳು ನನ್ನ ಪಾಲಿಗೆ. ದೂರದ ತೋಟಗಳನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಕುಟ್ಟದ ಕಡೆಯಿಂದ ಹಿಂದಿರುಗುವಾಗ ಕತ್ತಲಾದರೆ ರಸ್ತೆಗೆ ಆನೆ ಇಳಿಯುವ ಭಯವಿದೆ. ಆ ತಿರುವುಗಳಲ್ಲಿ, ಮಂಜಿನಲ್ಲಿ, ದಣಿದ ಕಣ್ಣಿನಿಂದ ವಾಹನ ಓಡಿಸುವುದು ನನಗೂ ಎದುರು ಬರುವವರಿಗೂ ಒಳ್ಳೆಯದಲ್ಲ.

ಕಡಿಮೆಯಾದ ಗಂಟೆಗಳಿಗೆ ತಕ್ಕಂತೆ ಸಂಬಳ ಕಡಿತವಾಗುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಸೇವೆಯ ನಿರಂತರತೆ, ಭವಿಷ್ಯ ನಿಧಿ ಮತ್ತು ಹುದ್ದೆಗೆ ಇದರಿಂದ ಧಕ್ಕೆ ಬಾರದಂತೆ, ಇದು ತಾತ್ಕಾಲಿಕ ಏರ್ಪಾಡೆಂದು ಆದೇಶದಲ್ಲಿ ಬರೆದರೆ ನೆಮ್ಮದಿ.

ಪ್ರತಿ ಶನಿವಾರ ಮುಗಿಸಿದ ಕೆಲಸ, ಬಾಕಿ ಉಳಿದದ್ದು, ಆರೋಗ್ಯದ ಸ್ಥಿತಿ ಇಷ್ಟನ್ನು ಒಂದು ಪುಟದಲ್ಲಿ ಬರೆದು ಕಳುಹಿಸುತ್ತೇನೆ. ನವೆಂಬರ್ ಮೊದಲ ವಾರ ತಾವು, ನಾನು, ಜೊತೆಗಾರರು ಒಟ್ಟಿಗೆ ಕುಳಿತು ನೋಡೋಣ. ಅಂದಾಜು ಪಟ್ಟಿ ಹಿಂದೆ ಬಿದ್ದಿದ್ದರೆ ಅಥವಾ ಜೊತೆಗಾರರಿಗೆ ಹೊರೆ ಮೀರಿದ್ದರೆ ಏರ್ಪಾಡನ್ನು ಅಲ್ಲಿಯೇ ಬದಲಿಸಬಹುದು. ನನ್ನ ಶಕ್ತಿ ಮರಳುತ್ತಿದ್ದರೆ ನವೆಂಬರ್ ಮಧ್ಯದಿಂದ ದಿನಕ್ಕೆ ಒಂದು ಗಂಟೆ ಹೆಚ್ಚಿಸುತ್ತೇನೆ. ಅವಧಿ ಮುಗಿಯುವ ಮುನ್ನ ವೈದ್ಯರ ಹೊಸ ಪತ್ರವನ್ನೂ ಒಪ್ಪಿಸುತ್ತೇನೆ. ರೋಬಸ್ಟಾ ಕೊಯ್ಲು ಬಿರುಸಾಗುವ ಮೊದಲೇ ಮುಂದಿನ ದಾರಿ ತೀರ್ಮಾನವಾಗಲಿ ಎಂದೇ ನವೆಂಬರ್ ಕೊನೆಯನ್ನು ಆರಿಸಿದ್ದೇನೆ.

ಹೊರಗಿನಿಂದ ನೋಡಿದವರಿಗೆ ನಾನು ಚೇತರಿಸಿಕೊಂಡಂತೆಯೇ ಕಾಣುತ್ತೇನೆ, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆದೆ. ಏರ್ಪಾಡಿನಲ್ಲಿ ಬದಲಾವಣೆ ಬೇಕೆನಿಸಿದರೆ ದಯವಿಟ್ಟು ಹೇಳಿ. ಗಂಟೆಗಳನ್ನು ಹೊಂದಿಸಿಕೊಳ್ಳಲು ಸಿದ್ಧಳಿದ್ದೇನೆ, ದೂರದ ತಿರುಗಾಟವೊಂದನ್ನು ಮಾತ್ರ ಸದ್ಯ ಮಾಡಲಾರೆ. ಅಕ್ಟೋಬರ್ 1ರೊಳಗೆ ಉತ್ತರ ದೊರೆತರೆ ಬೆಳೆಗಾರರಿಗೆ ಭೇಟಿಯ ಬದಲಾವಣೆಯನ್ನು ಮೊದಲೇ ತಿಳಿಸಲು ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಸವಿತಾ
ಕ್ಷೇತ್ರಾಧಿಕಾರಿ, ದಕ್ಷಿಣ ಕೊಡಗು

ಲಗತ್ತು: ವೈದ್ಯರ ಪತ್ರ, ರಕ್ತ ಪರೀಕ್ಷೆಯ ವರದಿ